ಕರಗಿದರೆ ಕಷ್ಟ, ಕರಗದಿದ್ದರೂ ಕಷ್ಟ: ಗಂಧಕದ ಬ್ಯಾಟರಿಯ ಕಥೆ

2010ರ ಜುಲೈ 9ರಂದು ಅಮೆರಿಕದ ಅರಿಜೋನಾ ಮರುಭೂಮಿಯ ಯೂಮಾ ಪರೀಕ್ಷಾ ನೆಲೆಯಿಂದ ಜೆಫಿರ್ ಎಂಬ ಚಾಲಕರಹಿತ ವಿಮಾನ ಮೇಲೇರಿತು. ಅದನ್ನು ಕಟ್ಟಿದ್ದು ಬ್ರಿಟನ್ನಿನ ಕೈನೆಟಿಕ್ ಕಂಪನಿ. ರೆಕ್ಕೆಯ ತುದಿಯಿಂದ ತುದಿಗೆ 22 ಮೀಟರಿಗೂ ಹೆಚ್ಚು ಉದ್ದ, ಆದರೆ ತೂಕ ಐವತ್ತು ಕಿಲೋಗಿಂತ ತುಸು ಹೆಚ್ಚು, ಅಂದರೆ ಒಬ್ಬ ತೆಳ್ಳಗಿನ ಮನುಷ್ಯನಷ್ಟು. ಹಗಲು ರೆಕ್ಕೆಯ ಮೇಲಿನ ಸೌರ ಫಲಕಗಳು ಮೋಟಾರನ್ನು ತಿರುಗಿಸುತ್ತಾ ಬ್ಯಾಟರಿಯನ್ನೂ ತುಂಬುತ್ತಿದ್ದವು. ಸೂರ್ಯ ಮುಳುಗಿದ ಮೇಲೆ ಬೆಳಗಾಗುವವರೆಗೂ ಬ್ಯಾಟರಿಯೇ ಗತಿ. ಹೀಗೆ ಹದಿನಾಲ್ಕು ಹಗಲು, ಹದಿನಾಲ್ಕು ರಾತ್ರಿ ಹಾರಿ ಜುಲೈ 23ಕ್ಕೆ ಅದು ನೆಲಕ್ಕಿಳಿಯಿತು. ಇಂಧನ ತುಂಬಿಸಿಕೊಳ್ಳದೆ ಅಷ್ಟು ದಿನ ಹಾರಿದ ವಿಮಾನ ಅಲ್ಲಿಯವರೆಗೆ ಬೇರೊಂದಿರಲಿಲ್ಲ.

ರಾತ್ರಿಯ ಹೊರೆ ಹೊತ್ತದ್ದು ಅರಿಜೋನಾದ್ದೇ ಸಯಾನ್ ಪವರ್ ಕಂಪನಿಯ ಲಿಥಿಯಂ-ಗಂಧಕ ಬ್ಯಾಟರಿ. ಪ್ರತಿ ಕಿಲೋ ತೂಕಕ್ಕೆ ಸುಮಾರು 350 ವ್ಯಾಟ್-ಗಂಟೆ ಶಕ್ತಿ ಹಿಡಿದಿಡುತ್ತಿದ್ದ ಸೆಲ್‌ಗಳು ಅವು. ಆ ಕಾಲದ ಉತ್ತಮ ಲಿಥಿಯಂ-ಅಯಾನ್ ಸೆಲ್‌ಗಳಿಗೆ ಈ ಅಂಕಿ ನಿಲುಕುತ್ತಿರಲಿಲ್ಲ. ಇಂದಿನ ಎಲೆಕ್ಟ್ರಿಕ್ ಕಾರುಗಳ ಒಳ್ಳೆಯ ಸೆಲ್‌ಗಳೂ ಹೆಚ್ಚುಕಡಿಮೆ 250ರಿಂದ 300ರ ನಡುವೆಯೇ ಇವೆ. ಹಾಗಿದ್ದರೆ ಒಂದೂವರೆ ದಶಕ ಕಳೆದರೂ ಗಂಧಕದ ಬ್ಯಾಟರಿ ನಮ್ಮ ಫೋನಿಗೋ ಸ್ಕೂಟರಿಗೋ ಏಕೆ ಬರಲಿಲ್ಲ? ಜೆಫಿರ್ ಕೂಡ ಮುಂದೆ ಸಿಲಿಕಾನ್ ಬಳಸುವ ಲಿಥಿಯಂ-ಅಯಾನ್ ಸೆಲ್‌ಗಳ ಕಡೆಗೆ ಹೊರಳಿತೇಕೆ?

ಉತ್ತರದ ಸುಳಿವು ಆ ಹಾರಾಟದಲ್ಲೇ ಇದೆ. ಹದಿನಾಲ್ಕು ರಾತ್ರಿ ಎಂದರೆ ಬ್ಯಾಟರಿ ತುಂಬಿ ಖಾಲಿಯಾದದ್ದು ಹೆಚ್ಚುಕಡಿಮೆ ಹದಿನಾಲ್ಕೇ ಸಲ. ಫೋನಿನ ಬ್ಯಾಟರಿಯಿಂದ ನಾವು ಬಯಸುವುದು ಐನೂರು, ಎಂಟುನೂರು ಸಲ. ಕಾರಿನದರಿಂದ ಸಾವಿರಕ್ಕೂ ಮೇಲೆ.

ಮೊದಲು ಗಂಧಕದ ಆಕರ್ಷಣೆ ಏನೆಂದು ನೋಡೋಣ. ಯಾವ ಲಿಥಿಯಂ ಬ್ಯಾಟರಿಯಾದರೂ ನಡೆಯುವ ಕೆಲಸ ಒಂದೇ. ಬಳಸುವಾಗ ಲಿಥಿಯಂ ಪರಮಾಣು ಒಂದು ಬದಿಯಲ್ಲಿ ತನ್ನ ಎಲೆಕ್ಟ್ರಾನನ್ನು ಹೊರಗಿನ ತಂತಿಗೆ ಬಿಟ್ಟುಕೊಟ್ಟು, ತಾನು ಒಳಗಿನ ದ್ರವದ ಮೂಲಕ ಇನ್ನೊಂದು ಬದಿಗೆ ಹೋಗಿ ನೆಲೆಸುತ್ತದೆ. ಚಾರ್ಜ್ ಮಾಡುವಾಗ ವಾಪಸು ಬರುತ್ತದೆ. ಹಾಗಾಗಿ ಬ್ಯಾಟರಿಯ ತೂಕದಲ್ಲಿ ನಿಜವಾದ ದುಡಿಮೆ ಲಿಥಿಯಂನದ್ದು. ಮಿಕ್ಕದ್ದೆಲ್ಲ ಅದಕ್ಕೆ ವಸತಿ ಒದಗಿಸುವ ಸಾಮಾನು. ಈ ವಸತಿ ಎಷ್ಟು ಭಾರ ಎಂಬುದರ ಮೇಲೆ ಬ್ಯಾಟರಿಯ ಯೋಗ್ಯತೆ ನಿಂತಿದೆ.

ಮೊದಲ ತಲೆಮಾರಿನ ಲಿಥಿಯಂ-ಅಯಾನ್ ಸೆಲ್‌ಗಳಲ್ಲಿ ಈ ವಸತಿ ಲಿಥಿಯಂ ಕೋಬಾಲ್ಟ್ ಆಕ್ಸೈಡ್. ಅದರ 98 ಗ್ರಾಂನಲ್ಲಿ ಲಿಥಿಯಂ ಇರುವುದು 7 ಗ್ರಾಂ. ಆ ಏಳನ್ನೂ ಹೊರತೆಗೆದರೆ ಹರಳಿನ ಚೌಕಟ್ಟು ಕುಸಿಯುತ್ತದೆ. ಆದ್ದರಿಂದ ಅರ್ಧವನ್ನೋ, ಅದಕ್ಕಿಂತ ಸ್ವಲ್ಪ ಹೆಚ್ಚನ್ನೋ ಮಾತ್ರ ಓಡಾಡಿಸುತ್ತಾರೆ. ಇನ್ನೊಂದು ಬದಿಯ ಗ್ರಾಫೈಟ್‌ನಲ್ಲಿ ಒಂದು ಲಿಥಿಯಂಗೆ ಜಾಗ ಕೊಡಲು ಆರು ಇಂಗಾಲದ ಪರಮಾಣುಗಳು ಬೇಕು.

ಗಂಧಕದ ಲೆಕ್ಕ ಬೇರೆ. ಒಂದು ಗಂಧಕದ ಪರಮಾಣು ಎರಡು ಲಿಥಿಯಂಗಳನ್ನು ಕೂಡಿಸಿಕೊಂಡು ಲಿಥಿಯಂ ಸಲ್ಫೈಡ್ ಆಗುತ್ತದೆ. ಅಂದರೆ 32 ಗ್ರಾಂ ಗಂಧಕ 14 ಗ್ರಾಂ ಲಿಥಿಯಂ ಹಿಡಿಯುತ್ತದೆ. ಫೋನಿನ ಡಬ್ಬಿಯ ಮೇಲೆ 5000 ಎಂಎಎಚ್ ಎಂದು ಬರೆದಿರುತ್ತಾರಲ್ಲ, ಆ ಅಳತೆಯಲ್ಲಿ ಹೇಳುವುದಾದರೆ ಒಂದು ಗ್ರಾಂ ಗಂಧಕದಿಂದ ಹೆಚ್ಚೆಂದರೆ 1672 ಎಂಎಎಚ್ ಬರಬಹುದು. ಕೋಬಾಲ್ಟ್ ಆಕ್ಸೈಡ್ ಅರ್ಧ ಲಿಥಿಯಂ ಬಿಟ್ಟುಕೊಟ್ಟಾಗ ಬರುವುದು ಗ್ರಾಂಗೆ 140ರ ಆಸುಪಾಸು. ಎದುರು ಬದಿಯಲ್ಲೂ ಗ್ರಾಫೈಟ್ ಇಲ್ಲ, ಬರೀ ಲಿಥಿಯಂ ಲೋಹದ ಹಾಳೆ. ಅಲ್ಲೂ ವಸತಿಯ ಭಾರ ಉಳಿಯಿತು.

ಒಂದು ಕೊರತೆಯನ್ನು ಇಲ್ಲೇ ಹೇಳಿಬಿಡಬೇಕು. ಗಂಧಕದ ಸೆಲ್ ಕೊಡುವ ವೋಲ್ಟೇಜ್ ಸರಾಸರಿ 2.15 ಮಾತ್ರ. ಫೋನಿನ ಸೆಲ್ ಕೊಡುವುದು 3.7ಕ್ಕೂ ಹೆಚ್ಚು. ಆದರೂ ವಸತಿ ಅಷ್ಟು ಹಗುರವಾದದ್ದರಿಂದ ನಷ್ಟವೆಲ್ಲ ತುಂಬಿ, ಕಾಗದದ ಲೆಕ್ಕದಲ್ಲಿ ಕಿಲೋಗೆ ಸುಮಾರು 2500ರಿಂದ 2600 ವ್ಯಾಟ್-ಗಂಟೆ ಬರುತ್ತದೆ. ಈ ಲೆಕ್ಕದಲ್ಲಿರುವುದು ಗಂಧಕ ಮತ್ತು ಲಿಥಿಯಂ ಎರಡೇ. ದ್ರವ, ಹೊದಿಕೆ, ಲೋಹದ ಹಾಳೆ ಯಾವುದೂ ಸೇರಿಲ್ಲ. ಪತ್ರಿಕೆಗಳಲ್ಲಿ "ಐದು ಪಟ್ಟು, ಹತ್ತು ಪಟ್ಟು ಶಕ್ತಿ" ಎಂದು ಬರುವ ಸುದ್ದಿಗಳೆಲ್ಲ ಹುಟ್ಟುವುದು ಈ ಸಂಖ್ಯೆಯಿಂದ.

ಬೆಲೆಯ ವಿಷಯ ಹೆಚ್ಚು ಹೇಳಬೇಕಿಲ್ಲ. ಕಚ್ಚಾತೈಲವನ್ನು ಶುದ್ಧೀಕರಿಸುವಾಗ ಗಂಧಕವನ್ನು ತೆಗೆಯಲೇಬೇಕು, ಹಾಗಾಗಿ ಅದು ತಾನಾಗಿಯೇ ಸಿಗುವ ಉಪ ಉತ್ಪನ್ನ. ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಸ್ಥಾವರದಲ್ಲೂ ಗಂಧಕ ತೆಗೆಯುವ ಘಟಕಗಳಿವೆ. ಕೋಬಾಲ್ಟ್‌ಗೋ ನಿಕ್ಕಲ್‌ಗೋ ಇರುವ ಬೇಡಿಕೆಯ ಜಗಳ ಇದಕ್ಕಿಲ್ಲ.

ಇಷ್ಟೆಲ್ಲ ಇದ್ದೂ 1960ರ ದಶಕದಲ್ಲೇ ಪೇಟೆಂಟ್ ಪಡೆದ ಈ ಯೋಚನೆ ಯಾಕೆ ಕುಂಟುತ್ತಿದೆ ಎಂದು ತಿಳಿಯಬೇಕಾದರೆ ಗಂಧಕ ಲಿಥಿಯಂ ಸಲ್ಫೈಡ್ ಆಗುವ ದಾರಿಯನ್ನು ನೋಡಬೇಕು. ಆ ದಾರಿ ನೇರವಾಗಿಲ್ಲ.

ಗಂಧಕ ವಿದ್ಯುತ್ತನ್ನು ಒಯ್ಯುವುದಿಲ್ಲ, ಅದು ಪಕ್ಕಾ ಅವಾಹಕ. ಪುಡಿ ಮಾಡಿ ಇಂಗಾಲದ ಜೊತೆ ಬೆರೆಸಿದರೆ ಇಂಗಾಲ ತಾಗಿದ ಮೇಲ್ಮೈಗೆ ಎಲೆಕ್ಟ್ರಾನ್ ಸಿಗುತ್ತದೆ, ಕಣದ ಒಡಲಿಗೆ ಸಿಗುವುದಿಲ್ಲ. ಹಾಗಾದರೆ ಒಳಗಿನ ಗಂಧಕ ಹೇಗೆ ಕೆಲಸಕ್ಕೆ ಬರುತ್ತದೆ? ಕರಗಿ ಬರುತ್ತದೆ. ಈ ಬ್ಯಾಟರಿಯ ಗುಟ್ಟೂ ರೋಗವೂ ಇದೇ ಉತ್ತರದಲ್ಲಿದೆ.

ಘನ ಗಂಧಕದಲ್ಲಿ ಎಂಟೆಂಟು ಪರಮಾಣುಗಳು ಕೈ ಹಿಡಿದು ಉಂಗುರವಾಗಿ ನಿಂತಿರುತ್ತವೆ. ಬ್ಯಾಟರಿಯನ್ನು ಬಳಸತೊಡಗಿದ ಕೂಡಲೇ ಎರಡು ಎಲೆಕ್ಟ್ರಾನ್ ಬಂದು ಈ ಉಂಗುರವನ್ನು ಒಂದು ಕಡೆ ತುಂಡರಿಸುತ್ತವೆ. ಎಂಟು ಗಂಧಕದ ಸರಪಳಿಯ ಎರಡು ತುದಿಗೆ ಎರಡು ಲಿಥಿಯಂ ಸೇರಿದ Li₂S₈ ತಯಾರಾಗುತ್ತದೆ. ಇಂಥ ಸರಪಳಿಗಳಿಗೆ ಪಾಲಿಸಲ್ಫೈಡ್ ಎಂದು ಹೆಸರು. ಇವು ಸೆಲ್‌ನೊಳಗಿನ ದ್ರವದಲ್ಲಿ, ಅಂದರೆ ಎಲೆಕ್ಟ್ರೊಲೈಟ್‌ನಲ್ಲಿ, ಚೆನ್ನಾಗಿ ಕರಗುತ್ತವೆ. ಕರಗಿದ ಸರಪಳಿ ಇಂಗಾಲದ ಮೇಲ್ಮೈಗೆ ತೇಲಿಬಂದು ಇನ್ನಷ್ಟು ಎಲೆಕ್ಟ್ರಾನ್ ಪಡೆದು Li₂S₆, Li₂S₄ ಎಂದು ತುಂಡಾಗುತ್ತಾ ಹೋಗುತ್ತದೆ. ಘನ ಗಂಧಕದ ಹೊಸ ಪದರ ತೆರೆದುಕೊಳ್ಳುತ್ತಾ ತನ್ನ ಸರದಿಗೆ ಬರುತ್ತದೆ. ಇದೆಲ್ಲ ನಡೆಯುವಾಗ ವೋಲ್ಟೇಜ್ 2.3ರಿಂದ 2.1ರತ್ತ ಇಳಿಯುತ್ತದೆ. ಒಟ್ಟು ಶಕ್ತಿಯಲ್ಲಿ ಕಾಲು ಭಾಗ ಇಷ್ಟರಲ್ಲೇ ಹೊರಬಂದಿರುತ್ತದೆ.

ಉಳಿದ ಮುಕ್ಕಾಲು ಭಾಗ ಬರುವುದು ಮುಂದಿನ ಹಂತದಲ್ಲಿ. ನಾಲ್ಕರ ಸರಪಳಿಗಳು ಇನ್ನೂ ತುಂಡಾಗಿ ಕೊನೆಗೆ Li₂S ಆಗುತ್ತವೆ. ಇದು ಕರಗುವುದಿಲ್ಲ, ಇಂಗಾಲದ ಮೇಲೆ ಘನವಾಗಿ ಕೂರುತ್ತದೆ. ಈ ಹೊತ್ತಿಗೆ ಗಂಧಕ ಇದ್ದ ಜಾಗ ಸುಮಾರು 80 ಪ್ರತಿಶತ ಉಬ್ಬಿರುತ್ತದೆ. ಚಾರ್ಜ್ ಮಾಡಿದಾಗ ಇದೇ ದಾರಿಯಲ್ಲಿ ಹಿಂದಕ್ಕೆ: ಘನ ಸಲ್ಫೈಡ್, ಕರಗಿದ ಗಿಡ್ಡ ಸರಪಳಿ, ಕರಗಿದ ಉದ್ದ ಸರಪಳಿ, ಮತ್ತೆ ಘನ ಗಂಧಕ. ಲಿಥಿಯಂ-ಅಯಾನ್ ಸೆಲ್‌ನಲ್ಲಿ ಎರಡೂ ಬದಿಯ ಘನವಸ್ತುಗಳು ಇದ್ದಲ್ಲೇ ಇರುತ್ತವೆ, ಲಿಥಿಯಂ ಒಂದೇ ಓಡಾಡುತ್ತದೆ. ಇಲ್ಲಿ ಒಂದು ಬದಿಯ ವಸ್ತುವೇ ಪ್ರತಿ ಸಲ ಕರಗಿ ನೀರಾಗಿ, ಮತ್ತೆ ಗಟ್ಟಿಯಾಗಬೇಕು.

ಕರಗಿದ ವಸ್ತು ಇದ್ದಲ್ಲೇ ಇರುತ್ತದೆಯೇ? ಇರುವುದಿಲ್ಲ. ಎರಡು ಬದಿಗಳ ನಡುವೆ ಇರುವುದು ಸೆಪರೇಟರ್ ಎಂಬ ತೆಳುವಾದ ಪ್ಲಾಸ್ಟಿಕ್ ಪೊರೆ. ಎರಡೂ ಬದಿ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಆದರೆ ಲಿಥಿಯಂ ಅಯಾನು ಹಾದುಹೋಗಲೆಂದು ಅದರಲ್ಲಿ ಸಣ್ಣ ರಂಧ್ರಗಳಿವೆ. ಲಿಥಿಯಂ ನುಸುಳುವ ರಂಧ್ರದಲ್ಲಿ ಪಾಲಿಸಲ್ಫೈಡೂ ನುಸುಳುತ್ತದೆ.

ಚಾರ್ಜ್ ಮಾಡುತ್ತಿರುವ ಸೆಲ್ ಒಂದನ್ನು ಊಹಿಸಿಕೊಳ್ಳಿ. ಗಂಧಕದ ಬದಿಯಲ್ಲಿ ಎಂಟರ, ಆರರ ಉದ್ದ ಸರಪಳಿಗಳು ತಯಾರಾಗುತ್ತಿವೆ. ಅಲ್ಲಿ ಅವು ದಟ್ಟ, ಲಿಥಿಯಂ ಬದಿಯಲ್ಲಿ ವಿರಳ. ದಟ್ಟವಿದ್ದಲ್ಲಿಂದ ವಿರಳವಿದ್ದಲ್ಲಿಗೆ ಹರಡುವುದು ಕರಗಿದ ಯಾವ ವಸ್ತುವಿಗಾದರೂ ಸಹಜ. ಹೀಗೆ ಹರಡಿ ಬಂದ ಸರಪಳಿಗೆ ಎದುರಾಗುವುದು ಬರೀ ಲಿಥಿಯಂ ಲೋಹ, ಎಲೆಕ್ಟ್ರಾನ್ ಕೊಡಲು ತುದಿಗಾಲಲ್ಲಿ ನಿಂತಿರುವ ಲೋಹ. ಅದು ಸರಪಳಿಯನ್ನು ಅಲ್ಲೇ ತುಂಡರಿಸಿಬಿಡುತ್ತದೆ. ಹೊರಗಿನ ತಂತಿಯಲ್ಲಿ ಹರಿಯಬೇಕಿದ್ದ ಎಲೆಕ್ಟ್ರಾನ್ ಒಳಗೊಳಗೇ ಕೈ ಬದಲಾಯಿಸಿತು. ಗಿಡ್ಡವಾದ ಸರಪಳಿ ಈಗ ಲಿಥಿಯಂ ಬದಿಯಲ್ಲಿ ದಟ್ಟವಾಯಿತು, ಹಾಗಾಗಿ ಅದು ಗಂಧಕದ ಬದಿಗೆ ವಾಪಸು ಹರಡುತ್ತದೆ. ಅಲ್ಲಿ ಚಾರ್ಜರ್ ಅದನ್ನು ಮತ್ತೆ ಉದ್ದ ಮಾಡುತ್ತದೆ. ಉದ್ದವಾದದ್ದು ಮತ್ತೆ ಲಿಥಿಯಂ ಕಡೆಗೆ. ಮಗ್ಗದ ಲಾಳಿಯಂತೆ ಅತ್ತಿಂದಿತ್ತ ನಡೆಯುವ ಈ ಓಡಾಟಕ್ಕೆ ತಜ್ಞರು ಪಾಲಿಸಲ್ಫೈಡ್ ಶಟಲ್ ಎನ್ನುತ್ತಾರೆ.

ಇದನ್ನು ಅಂಕಿಗಳಲ್ಲಿ ಹಿಡಿದು ಕೊಟ್ಟವರು ಸಯಾನ್ ಪವರ್‌ನ ಯೂರಿ ಮಿಖೈಲಿಕ್ ಮತ್ತು ಜೇಮ್ಸ್ ಅಕ್ರಿಜ್. 2004ರ ಅವರ ಪ್ರಬಂಧ ಈ ಕ್ಷೇತ್ರದವರಿಗೆಲ್ಲ ಪಾಠಪುಸ್ತಕವಿದ್ದ ಹಾಗೆ. ಅದರ ತಿರುಳನ್ನು ಒಂದು ಉದಾಹರಣೆಯಿಂದ ನೋಡಬಹುದು. ಒಂದು ಸೆಲ್‌ಗೆ 100 ಮಿಲಿ ಆಂಪಿಯರ್ ಕರೆಂಟ್ ಕೊಟ್ಟು ನಿಧಾನವಾಗಿ ಚಾರ್ಜ್ ಮಾಡುತ್ತಿದ್ದೇವೆ ಎಂದುಕೊಳ್ಳೋಣ. ಮೊದಮೊದಲು ಉದ್ದ ಸರಪಳಿಗಳು ಕಡಿಮೆ, ಆದ್ದರಿಂದ ಶಟಲ್ ಕೂಡ ಮಂದ. ಚಾರ್ಜ್ ಏರಿದಂತೆ ಉದ್ದ ಸರಪಳಿಗಳು ಹೆಚ್ಚುತ್ತವೆ, ಲಿಥಿಯಂ ಬದಿಗೆ ಹೋಗಿ ತುಂಡಾಗುವವೂ ಹೆಚ್ಚುತ್ತವೆ. ಒಂದು ಹಂತದಲ್ಲಿ ಲಿಥಿಯಂ ಬದಿಯಲ್ಲಿ ತುಂಡಾಗುವ ವೇಗ ಸರಿಯಾಗಿ 100 ಮಿಲಿ ಆಂಪಿಯರ್‌ಗೆ ಸಮನಾಗುತ್ತದೆ. ಆಮೇಲೆ ಚಾರ್ಜರ್ ಎಷ್ಟು ಉದ್ದ ಮಾಡುತ್ತದೋ ಲಿಥಿಯಂ ಅಷ್ಟನ್ನೂ ಗಿಡ್ಡ ಮಾಡುತ್ತದೆ. ಮೀಟರಿನಲ್ಲಿ ವೋಲ್ಟೇಜ್ 2.3, 2.4ರ ಆಸುಪಾಸಿನಲ್ಲಿ ಗೆರೆ ಎಳೆದಂತೆ ನಿಂತುಬಿಡುತ್ತದೆ. ಇಡೀ ದಿನ ಬಿಟ್ಟರೂ ಸೆಲ್ ತುಂಬುವುದಿಲ್ಲ. ಕೊಟ್ಟ ಕರೆಂಟೆಲ್ಲ ಒಳಗೆ ಶಾಖವಾಗಿ ಹೋಗುತ್ತದೆ.

ಅದೇ ಸೆಲ್‌ಗೆ 300 ಮಿಲಿ ಆಂಪಿಯರ್ ಕೊಟ್ಟು ನೋಡಿ. ಶಟಲ್ ಅಷ್ಟು ವೇಗ ಮುಟ್ಟದಿದ್ದರೆ ಚಾರ್ಜ್ ಅದನ್ನು ಹಿಂದಿಕ್ಕಿ ವೋಲ್ಟೇಜ್ ಮೇಲೇರುತ್ತದೆ, ಸೆಲ್ ತುಂಬುತ್ತದೆ. ನಿಧಾನವಾಗಿ ಚಾರ್ಜ್ ಮಾಡಿದರೆ ಬ್ಯಾಟರಿಗೆ ಒಳ್ಳೆಯದು ಎಂದು ನಾವು ಕೇಳಿ ಅಭ್ಯಾಸ. ಶಟಲ್ ಇರುವ ಗಂಧಕದ ಸೆಲ್‌ನಲ್ಲಿ ನಿಧಾನಿಸಿದಷ್ಟೂ ಸೋರಿಕೆ ಹೆಚ್ಚು. ಸೆಖೆ ಏರಿದರೂ ಹೆಚ್ಚು, ಏಕೆಂದರೆ ಕರಗಿದ ವಸ್ತು ಬಿಸಿ ದ್ರವದಲ್ಲಿ ಬೇಗ ಹರಡುತ್ತದೆ. ಒಂದು ತಮಾಷೆಯೆಂದರೆ ಈ ರೋಗಕ್ಕೆ ಒಂದು ಸದ್ಗುಣವೂ ಇದೆ. ಅತಿಯಾಗಿ ಚಾರ್ಜ್ ಮಾಡಿದರೆ ಸಾಮಾನ್ಯ ಲಿಥಿಯಂ ಸೆಲ್ ಅಪಾಯಕ್ಕೆ ತಿರುಗುತ್ತದೆ. ಶಟಲ್ ಇರುವ ಸೆಲ್ ಹೆಚ್ಚುವರಿ ಕರೆಂಟನ್ನು ತಾನೇ ನುಂಗಿ ಕೂರುತ್ತದೆ.

ಶಟಲ್ ನಡೆಯುತ್ತಿದೆ ಎಂದು ಪ್ರಯೋಗಾಲಯದಲ್ಲಿ ಪತ್ತೆ ಹಚ್ಚುವುದು ಕಷ್ಟವಲ್ಲ. ಚಾರ್ಜ್ ಮಾಡುವಾಗ ಒಳಗೆ ಹೋದದ್ದೆಷ್ಟು, ಬಳಸುವಾಗ ಹೊರಗೆ ಬಂದದ್ದೆಷ್ಟು ಎಂಬ ಅನುಪಾತ ನೋಡಿದರೆ ಸಾಕು. 1500 ಎಂಎಎಚ್ ಒಳಗೆ ಹೋಗಿ 900 ಮಾತ್ರ ಹೊರಬಂದರೆ ಉಳಿದ 600 ಬಹುಪಾಲು ಲಾಳಿಯಾಟದಲ್ಲಿ ಕಳೆದಿದೆ. ಇನ್ನೊಂದು ಪರೀಕ್ಷೆ, ತುಂಬಿದ ಸೆಲ್ಲನ್ನು ಕೆಲವು ದಿನ ಸುಮ್ಮನೆ ಇಟ್ಟು ಆಮೇಲೆ ಬಳಸುವುದು. ಮೇಲಿನ ಹಂತದ ಆ ಕಾಲು ಭಾಗ ಶಕ್ತಿ ಮಾಯವಾಗಿ, ಸೆಲ್ ನೇರವಾಗಿ 2.1 ವೋಲ್ಟಿನಿಂದ ಶುರುವಾದರೆ, ಉದ್ದ ಸರಪಳಿಗಳೆಲ್ಲ ಕೂತಲ್ಲೇ ತುಂಡಾಗಿವೆ ಎಂದರ್ಥ. ಗಾಜಿನ ಸೆಲ್ ಮಾಡಿ ನೋಡಿದರಂತೂ ಕಣ್ಣಿಗೇ ಕಾಣುತ್ತದೆ. ಬಣ್ಣವಿಲ್ಲದ ದ್ರವ ಹಳದಿಯಾಗಿ, ಕಿತ್ತಳೆಯಾಗಿ, ಕೆಂಗಂದಾಗುತ್ತಾ ಲಿಥಿಯಂ ಬದಿಗೆ ಹಬ್ಬುತ್ತದೆ.

ಬರೀ ಕರೆಂಟು ಪೋಲಾಗುವುದಾಗಿದ್ದರೆ ಸಹಿಸಬಹುದಿತ್ತು. ಲಿಥಿಯಂ ಬದಿಗೆ ಹೋದ ಕೆಲವು ಸರಪಳಿಗಳು ಪೂರ್ತಿ ತುಂಡಾಗಿ Li₂S ಆಗಿ ಆ ಲೋಹದ ಮೇಲೇ ಹೆಪ್ಪುಗಟ್ಟುತ್ತವೆ. ಆ ಗಂಧಕ ಮತ್ತೆ ತನ್ನ ಬದಿಗೆ ಬರುವುದಿಲ್ಲ, ಸೆಲ್‌ನ ಪಾಲಿಗೆ ಅದು ಸತ್ತ ಹಾಗೆ. ಪ್ರತಿ ಸಲ ಸ್ವಲ್ಪ ಸ್ವಲ್ಪ ಹೀಗೆ ಕಳೆದು ಸಾಮರ್ಥ್ಯ ಕುಗ್ಗುತ್ತದೆ. ಲಿಥಿಯಂ ಕೂಡ ಸವೆಯುತ್ತದೆ. ಅದರ ಹೊಸ ಮೇಲ್ಮೈ ತೆರೆದುಕೊಂಡಾಗಲೆಲ್ಲ ದ್ರವದ ಜೊತೆ ಪ್ರತಿಕ್ರಿಯಿಸಿ ದ್ರವವೂ ಖರ್ಚಾಗುತ್ತದೆ.

ಹಾಗಿದ್ದರೆ ಪಾಲಿಸಲ್ಫೈಡ್ ಕರಗದ ದ್ರವವನ್ನೇ ಹಾಕಿದರಾಯಿತಲ್ಲ ಎಂದು ಕೇಳಬಹುದು. ಕರಗದಿದ್ದರೆ ಅವಾಹಕ ಗಂಧಕದ ಒಡಲು ಕೆಲಸಕ್ಕೇ ಬರುವುದಿಲ್ಲ. ಮೇಲಿನ ಸಿಪ್ಪೆ ಮಾತ್ರ ಪ್ರತಿಕ್ರಿಯಿಸಿ ಸೆಲ್ ನಿಂತುಹೋಗುತ್ತದೆ. ಫೋನಿನ ಬ್ಯಾಟರಿಗಳಲ್ಲಿ ಬಳಸುವ ಕಾರ್ಬೊನೇಟ್ ದ್ರವವಂತೂ ಪಾಲಿಸಲ್ಫೈಡ್ ಜೊತೆ ತಾನೇ ಪ್ರತಿಕ್ರಿಯಿಸಿ ಹಾಳಾಗುತ್ತದೆ. ಅದಕ್ಕೇ ಈ ಸೆಲ್‌ಗಳಿಗೆ ಈಥರ್ ಜಾತಿಯ ದ್ರವಗಳನ್ನು ಬಳಸುತ್ತಾರೆ. ಅವುಗಳಲ್ಲಿ ಪಾಲಿಸಲ್ಫೈಡ್ ಸುಖವಾಗಿ ಕರಗುತ್ತದೆ. ಶಟಲ್ ಎಂಬುದು ಎಲ್ಲಿಂದಲೋ ಬಂದು ಸೇರಿದ ದೋಷವಲ್ಲ, ಸೆಲ್ ನಡೆಯಲು ಬೇಕೇ ಬೇಕಾದ ಕ್ರಿಯೆಯ ಇನ್ನೊಂದು ಮುಖ.

ಇಷ್ಟು ಗೊತ್ತಿದ್ದ ಮೇಲೆ ವಿಜ್ಞಾನಿಗಳು ಹಿಡಿದ ದಾರಿಗಳು ಅರ್ಥವಾಗುತ್ತವೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಲಿಂಡಾ ನಜರ್ ಅವರ ತಂಡ 2009ರಲ್ಲಿ ಗಂಧಕವನ್ನು ಕರಗಿಸಿ, ಕೆಲವೇ ನ್ಯಾನೊಮೀಟರ್ ಅಗಲದ ಕೊಳವೆಗಳುಳ್ಳ ಇಂಗಾಲದೊಳಗೆ ಇಳಿಸಿತು. ಗಂಧಕ ಎಲ್ಲೆಡೆ ಇಂಗಾಲಕ್ಕೆ ತಾಗಿಕೊಂಡೇ ಇರುತ್ತದೆ, ಕರಗಿದ್ದು ಇಕ್ಕಟ್ಟಿನಿಂದ ಸುಲಭಕ್ಕೆ ಹೊರಬರುವುದಿಲ್ಲ. ಗ್ರಾಂಗೆ 1320 ಎಂಎಎಚ್‌ವರೆಗೆ ಬಂತು. ಈ ಪ್ರಬಂಧದ ನಂತರ ಜಗತ್ತಿನ ಪ್ರಯೋಗಾಲಯಗಳು ಗಂಧಕದ ಕಡೆ ಮುಗಿಬಿದ್ದವು. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿರುವ ಅರುಮುಗಂ ಮಂತಿರಾಮ್ ಅವರ ತಂಡ 2012ರಲ್ಲಿ ಇನ್ನೂ ಸರಳ ಉಪಾಯ ಮಾಡಿತು. ಗಂಧಕದ ಬದಿಗೂ ಸೆಪರೇಟರಿಗೂ ನಡುವೆ ರಂಧ್ರಭರಿತ ಇಂಗಾಲದ ಕಾಗದವೊಂದನ್ನು ಇಟ್ಟಿತು. ತಪ್ಪಿಸಿಕೊಂಡು ಹೊರಟ ಸರಪಳಿಗಳು ಅಲ್ಲಿ ಸಿಕ್ಕಿಬೀಳುತ್ತವೆ. ಆ ಕಾಗದ ವಿದ್ಯುದ್ವಾಹಕವಾದ್ದರಿಂದ ಅವು ಅಲ್ಲೇ ಮತ್ತೆ ಕೆಲಸಕ್ಕೂ ಬರುತ್ತವೆ.

ಎಲ್ಲಕ್ಕಿಂತ ಹೆಚ್ಚು ಬಳಕೆಗೆ ಬಂದದ್ದು ಮಾತ್ರ ಲಿಥಿಯಂ ನೈಟ್ರೇಟ್ ಎಂಬ ಉಪ್ಪು. ಇದೂ ಮಿಖೈಲಿಕ್ ಅವರ ಕಡೆಯಿಂದಲೇ ಬಂದದ್ದು. ದ್ರವಕ್ಕೆ ಸ್ವಲ್ಪ, ತೂಕದಲ್ಲಿ ಎರಡು ಪ್ರತಿಶತದಷ್ಟು, ಸೇರಿಸಿದರೆ ಅದು ಲಿಥಿಯಂ ಲೋಹದ ಜೊತೆ ಪ್ರತಿಕ್ರಿಯಿಸಿ ಅದರ ಮೇಲೆ ತೆಳು ಪದರ ಕಟ್ಟುತ್ತದೆ. ಪಾಲಿಸಲ್ಫೈಡ್ ಬಂದರೂ ಲೋಹ ಕೈಗೆ ಸಿಗದಂತೆ ಆ ಪದರ ತಡೆಯುತ್ತದೆ. ಪರಿಣಾಮ ಬೆರಗು ಹುಟ್ಟಿಸುವಂಥದು. ಎಂದೂ ತುಂಬದೆ ನಿಲ್ಲುತ್ತಿದ್ದ ಸೆಲ್ ತುಂಬುತ್ತದೆ, ಒಳಗೆ ಹೋದದ್ದರಲ್ಲಿ ನೂರಕ್ಕೆ ತೊಂಬತ್ತೆಂಟು, ತೊಂಬತ್ತೊಂಬತ್ತು ಹೊರಗೆ ಬರುತ್ತದೆ.

ಆದರೆ ನೈಟ್ರೇಟ್ ರೋಗವನ್ನು ಗುಣಪಡಿಸಿದ್ದಕ್ಕಿಂತ ಲಕ್ಷಣವನ್ನು ಮುಚ್ಚಿದ್ದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಲಿಥಿಯಂ ಲೋಹ ಪ್ರತಿ ಸಲ ಕರಗಿ ಮತ್ತೆ ಕೂರುತ್ತದೆ, ಕೂರುವಾಗ ಸಮತಟ್ಟಾಗಿ ಕೂರುವುದಿಲ್ಲ. ಮೇಲಿನ ಪದರ ಬಿರಿಯುತ್ತದೆ, ಬಿರಿದಲ್ಲಿ ತೇಪೆ ಹಾಕಲು ಮತ್ತಷ್ಟು ನೈಟ್ರೇಟ್ ಖರ್ಚಾಗುತ್ತದೆ. ಗಂಧಕದ ಬದಿಯಲ್ಲೂ ವೋಲ್ಟೇಜ್ 1.6ರ ಹತ್ತಿರಕ್ಕೆ ಇಳಿದರೆ ನೈಟ್ರೇಟ್ ಒಡೆದು ಹಾಳಾಗುತ್ತದೆ, ಅದಕ್ಕೇ 1.7, 1.8ಕ್ಕೆ ಬಳಕೆ ನಿಲ್ಲಿಸುವ ರೂಢಿ. ಉಪ್ಪು ಮುಗಿದ ದಿನ ಶಟಲ್ ಮತ್ತೆ ಹಾಜರು. ಅದೂ ಅಲ್ಲದೆ, ಅನುಪಾತ 99 ಪ್ರತಿಶತ ಕಂಡಿತೆಂದು ಪಾಲಿಸಲ್ಫೈಡ್ ಗಂಧಕದ ಬದಿ ಬಿಟ್ಟು ಹೋಗಿಲ್ಲ ಎಂದು ಹೇಳುವ ಹಾಗಿಲ್ಲ. ಹೋಗಿದೆ, ಲಿಥಿಯಂ ಬದಿಯಲ್ಲಿ ಪ್ರತಿಕ್ರಿಯಿಸಿಲ್ಲ ಅಷ್ಟೇ.

ಈಗ ಪ್ರಯೋಗಾಲಯದ ಯಶಸ್ಸು ಮಾರುಕಟ್ಟೆಗೆ ಬರದಿರುವ ಜಾಗಕ್ಕೆ ಬರೋಣ. ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು. ಒಂದು ಗ್ರಾಂ ಗಂಧಕವಿರುವ ಸೆಲ್ ತೆಗೆದುಕೊಳ್ಳಿ. 1672ರಲ್ಲಿ 1200 ಎಂಎಎಚ್ ನಿಜವಾಗಿ ಸಿಕ್ಕಿತೆಂದರೆ 2.1 ವೋಲ್ಟಿನಲ್ಲಿ ಸುಮಾರು ಎರಡೂವರೆ ವ್ಯಾಟ್-ಗಂಟೆ ಶಕ್ತಿ. ತೂಕ ಕೂಡಿಸೋಣ. ಗಂಧಕ 1 ಗ್ರಾಂ, ಇಂಗಾಲ ಮತ್ತು ಅಂಟು 0.4, ಲಿಥಿಯಂ ಬೇಕಾದ್ದರ ಎರಡರಷ್ಟು ಎಂದು 0.65, ಹಾಳೆ, ಪೊರೆ, ಹೊದಿಕೆಗೆಂದು 1 ಗ್ರಾಂ. ಇಲ್ಲಿಗೆ ಮೂರು ಗ್ರಾಂ ಆಯಿತು. ಉಳಿದದ್ದು ದ್ರವ.

ಗಂಡಿ ಗಾತ್ರದ ಸಣ್ಣ ಸೆಲ್‌ಗಳಲ್ಲಿ ಸಂಶೋಧಕರು ಒಂದು ಗ್ರಾಂ ಗಂಧಕಕ್ಕೆ ಹತ್ತು ಮಿಲಿಲೀಟರ್ ಲೆಕ್ಕದಲ್ಲೋ, ಇನ್ನೂ ಧಾರಾಳವಾಗಿಯೋ ದ್ರವ ಸುರಿಯುತ್ತಾರೆ. ಹತ್ತು ಮಿಲಿಲೀಟರ್ ಎಂದರೆ ಸುಮಾರು 11 ಗ್ರಾಂ. ಒಟ್ಟು ತೂಕ 14 ಗ್ರಾಂ. ಕಿಲೋಗೆ ಲೆಕ್ಕ ಹಾಕಿದರೆ 180 ವ್ಯಾಟ್-ಗಂಟೆ. ನಿಮ್ಮ ಫೋನಿನ ಬ್ಯಾಟರಿ ಇದಕ್ಕಿಂತ ಮೇಲು! ಅದೇ ಮೂರು ಮಿಲಿಲೀಟರಿಗೆ ಇಳಿಸಿದರೆ ಒಟ್ಟು ತೂಕ ಆರೂಕಾಲು ಗ್ರಾಂ ಆಸುಪಾಸು, ಕಿಲೋಗೆ ಸುಮಾರು 400 ವ್ಯಾಟ್-ಗಂಟೆ. ಗಂಧಕದ ಬ್ಯಾಟರಿ ಗೆಲ್ಲುವುದೂ ಸೋಲುವುದೂ ಗಂಧಕದಿಂದಲ್ಲ, ಅದರ ದ್ರವದಿಂದ.

ದ್ರವ ಕಡಿಮೆ ಮಾಡಿದರೆ ಆಗುವುದೇನು? ಅದೇ ಪಾಲಿಸಲ್ಫೈಡ್ ಈಗ ಮೂರನೇ ಒಂದು ಭಾಗ ದ್ರವದಲ್ಲಿ ಕರಗಬೇಕು. ದ್ರವ ಪಾಕದಂತೆ ಮಂದವಾಗುತ್ತದೆ, ಲಿಥಿಯಂ ಅಯಾನು ಅದರಲ್ಲಿ ಓಡಲಾರದೆ ವೋಲ್ಟೇಜ್ ಕುಸಿಯುತ್ತದೆ. ಕರಗಲು ಜಾಗವಿಲ್ಲದೆ ಗಂಧಕದ ಒಂದಷ್ಟು ಭಾಗ ಕೆಲಸಕ್ಕೇ ಬರುವುದಿಲ್ಲ. ಧಾರಾಳ ದ್ರವದಲ್ಲಿ ಕಾಣದಿದ್ದ ಸವೆತ ಇಲ್ಲಿ ಬೇಗ ಕಾಣುತ್ತದೆ. ಲಿಥಿಯಂ ಪ್ರತಿ ಸಲ ಚೂರು ಚೂರು ದ್ರವ ತಿನ್ನುವುದರಿಂದ, ಇದ್ದ ಸ್ವಲ್ಪವೂ ಮುಗಿದು ಸೆಲ್ ಒಣಗುತ್ತದೆ. ಸಾವಿರ ಸಲ ಬಾಳಿತೆಂದು ಪ್ರಬಂಧದಲ್ಲಿ ಬಂದ ಸೆಲ್, ಅದೇ ವಸ್ತುಗಳಿಂದ ಕೈಯಗಲದ ಚೀಲದ ಸೆಲ್ ಆಗಿ ಕಟ್ಟಿದಾಗ ಐವತ್ತು, ನೂರು ಸಲಕ್ಕೇ ಕೈಕೊಡುವುದು ಈ ಕಾರಣಕ್ಕೆ.

ಕರಗುವಿಕೆಯನ್ನೇ ಬಿಟ್ಟುಬಿಡುವ ದಾರಿಗಳೂ ಇವೆ. ಪಾಲಿಅಕ್ರಿಲೊನೈಟ್ರೈಲ್ ಎಂಬ ಪ್ಲಾಸ್ಟಿಕ್ ನಾರಿನ ವಸ್ತುವನ್ನು ಗಂಧಕದ ಜೊತೆ ಬಿಸಿ ಮಾಡಿದರೆ ಗಂಧಕದ ಗಿಡ್ಡ ತುಣುಕುಗಳು ಇಂಗಾಲಕ್ಕೇ ರಾಸಾಯನಿಕವಾಗಿ ಕಟ್ಟಿಕೊಳ್ಳುತ್ತವೆ. ಉಂಗುರವೇ ಇಲ್ಲದ್ದರಿಂದ ಉದ್ದ ಸರಪಳಿಯ ಕಾಟವಿಲ್ಲ, ಕಾರ್ಬೊನೇಟ್ ದ್ರವವೂ ನಡೆಯುತ್ತದೆ, ಶಟಲ್ ಹೆಚ್ಚುಕಡಿಮೆ ಮಾಯ. ಬೆಲೆ ತೆರಬೇಕಾದದ್ದು ತೂಕದಲ್ಲಿ. ಆ ವಸ್ತುವಿನಲ್ಲಿ ಗಂಧಕದ ಪಾಲು ಅರ್ಧಕ್ಕೂ ಕಡಿಮೆ, ವೋಲ್ಟೇಜೂ ತುಸು ಕಡಿಮೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ವಿಭಾ ಕಾಲ್ರಾ ಅವರ ತಂಡಕ್ಕೆ ಇನ್ನೊಂದು ಅಚ್ಚರಿ ಸಿಕ್ಕಿತು. ಇಂಗಾಲದ ನ್ಯಾನೊ ನಾರುಗಳ ಮೇಲೆ ಗಂಧಕವನ್ನು ಕೂರಿಸಿದಾಗ ಸಾಮಾನ್ಯವಾಗಿ ಕೋಣೆಯ ಉಷ್ಣತೆಯಲ್ಲಿ ನಿಲ್ಲದ ಒಂದು ಹರಳಿನ ರೂಪ ಸ್ಥಿರವಾಗಿ ನಿಂತಿತು. ಕಾರ್ಬೊನೇಟ್ ದ್ರವದಲ್ಲಿ ಆ ಸೆಲ್‌ಗಳು 4000 ಸಲ ನಡೆದವು ಎಂದು 2022ರಲ್ಲಿ ಅವರು ಪ್ರಕಟಿಸಿದರು. ಪ್ರಯೋಗಾಲಯದ ಸಣ್ಣ ಸೆಲ್‌ಗಳ ಫಲಿತಾಂಶ ಅದು ಎಂಬುದನ್ನು ಮರೆಯಬಾರದು.

ಉದ್ಯಮದ ಅನುಭವ ಕಹಿಯಾಗಿದೆ. ಕಿಲೋಗೆ 400 ವ್ಯಾಟ್-ಗಂಟೆಗೂ ಮೀರಿದ ಸೆಲ್‌ಗಳನ್ನು ಮಾಡಿ ವಿಮಾನ ಕಂಪನಿಗಳ ಗಮನ ಸೆಳೆದಿದ್ದ ಬ್ರಿಟನ್ನಿನ ಆಕ್ಸಿಸ್ ಎನರ್ಜಿ, 2021ರಲ್ಲಿ ಹಣ ಸಾಲದೆ ಬಾಗಿಲು ಹಾಕಿತು. ಅಮೆರಿಕದ ಲೈಟನ್, ಆಸ್ಟ್ರೇಲಿಯಾದ ಲಿ-ಎಸ್ ಎನರ್ಜಿ ಕಂಪನಿಗಳು ಈಗ ಅದೇ ಹಾದಿಯಲ್ಲಿವೆ. ಎರಡೂ ಮೊದಲು ಕಣ್ಣಿಟ್ಟಿರುವುದು ಡ್ರೋನ್‌ಗಳ ಮೇಲೆ. ಸರಿಯಾದ ಆಯ್ಕೆಯೇ. ಡ್ರೋನ್‌ಗೆ ಪ್ರತಿ ಗ್ರಾಂ ಲೆಕ್ಕ, ನೂರಿನ್ನೂರು ಸಲ ಹಾರಿದ ಮೇಲೆ ಬ್ಯಾಟರಿ ಬದಲಿಸಿದರೂ ನಡೆದೀತು. ಸ್ಕೂಟರಿನ ಮಾತು ಬೇರೆ. ಅಲ್ಲಿ ಬಾಳಿಕೆಯ ಜೊತೆಗೆ ಜಾಗದ ಪ್ರಶ್ನೆಯೂ ಇದೆ. ಗಂಧಕವೂ ಇಂಗಾಲವೂ ಹಗುರವೆಂಬುದು ನಿಜ, ಆದರೆ ಜಾಗ ತುಂಬುತ್ತವೆ. ತೂಕದ ಲೆಕ್ಕದಲ್ಲಿ ಗೆದ್ದ ಸೆಲ್ ಸೀಟಿನ ಕೆಳಗಿನ ಪೆಟ್ಟಿಗೆಯ ಅಳತೆಯಲ್ಲಿ ಸೋಲುವುದು ಸಾಮಾನ್ಯ. ಫೋನಿಗಂತೂ ಈ ಬ್ಯಾಟರಿ ಸದ್ಯಕ್ಕೆ ಬಾರದು ಎಂದೇ ನನಗನಿಸುತ್ತದೆ.

ಇನ್ನು ಮುಂದೆ "ಗಂಧಕದ ಬ್ಯಾಟರಿಯಲ್ಲಿ ಕ್ರಾಂತಿ" ಎಂಬ ಸುದ್ದಿ ಕಣ್ಣಿಗೆ ಬಿದ್ದರೆ ಕಿಲೋಗೆ ಎಷ್ಟು ವ್ಯಾಟ್-ಗಂಟೆ ಎಂಬ ಮೊದಲ ಸಾಲಿಗೇ ನಿಲ್ಲಬೇಡಿ. ಆ ಅಂಕಿ ಗುಂಡಿ ಸೆಲ್‌ನದೋ ಚೀಲದ ಸೆಲ್‌ನದೋ, ಒಂದು ಗ್ರಾಂ ಗಂಧಕಕ್ಕೆ ಎಷ್ಟು ಮಿಲಿಲೀಟರ್ ದ್ರವ ಹಾಕಿದ್ದಾರೆ, ಅಷ್ಟೇ ದ್ರವದಲ್ಲಿ ಎಷ್ಟು ಸಲ ನಡೆಯಿತು ಎಂದು ಹುಡುಕಿ ನೋಡಿ. ದ್ರವದ ಅಳತೆಯನ್ನು ಎಲ್ಲೂ ಹೇಳದಿದ್ದರೆ ಆ ಸುದ್ದಿಯನ್ನು ನಂಬುವ ಅವಸರ ಬೇಡ.